ದೊಡ್ಡ ಪಾತ್ರೆ ಕರಿಯನ್ನು ಬಟ್ಟಲಿಗೆ ಹಂಚಿ, ಒಂದು ಬಟ್ಟಲಿನ ಕ್ಯಾಲೊರಿ ಲೆಕ್ಕ ಹಾಕುವುದು ಹೇಗೆ?

ಮನೆಯಲ್ಲಿ ಒಂದು ದೊಡ್ಡ ಪಾತ್ರೆ ತುಂಬ ಕರಿ ಮಾಡಿದ್ದೀರಿ. ಎಲ್ಲರೂ ಊಟ ಮಾಡಿ, ಮಾರನೇ ದಿನಕ್ಕೂ ಉಳಿಯುವಷ್ಟಿದೆ. ಈಗ ನಿಮ್ಮ ಬಟ್ಟಲಿಗೆ ಬಿದ್ದದ್ದರಲ್ಲಿ ಎಷ್ಟು ಕ್ಯಾಲೊರಿ ಇದೆ ಅಂತ ತಿಳಿಯಬೇಕು. ಆ್ಯಪ್‌ನಲ್ಲಿ ‘ಕಡಲೆ ಕರಿ, ಒಂದು ಬಟ್ಟಲು’ ಅಂತ ಹುಡುಕಿದರೆ ಹತ್ತಾರು ಉತ್ತರ ಸಿಗುತ್ತವೆ. ಒಂದಕ್ಕೂ ಇನ್ನೊಂದಕ್ಕೂ ತಾಳೆಯೇ ಇರುವುದಿಲ್ಲ. ಅದು ಸಹಜ. ಅವರ ಎಣ್ಣೆ ನಿಮ್ಮ ಎಣ್ಣೆಯಷ್ಟಲ್ಲ, ಅವರ ಬಟ್ಟಲು ನಿಮ್ಮ ಬಟ್ಟಲಿನಷ್ಟಲ್ಲ.

ನಿಮ್ಮ ಪಾತ್ರೆಯ ಲೆಕ್ಕ ನೀವೇ ಹಾಕಬೇಕು. ಅದು ಕಷ್ಟದ ಕೆಲಸವೂ ಅಲ್ಲ. ಒಂದು ಡಿಜಿಟಲ್ ಅಡುಗೆ ತಕ್ಕಡಿ, ಒಂದು ಚೀಟಿ, ಒಂದು ಪೆನ್ನು ಇದ್ದರೆ ಸಾಕು.

ಇಡೀ ಲೆಕ್ಕ ನಿಂತಿರುವುದು ಒಂದೇ ಸಂಗತಿಯ ಮೇಲೆ. ಪಾತ್ರೆಯೊಳಗೆ ಹೋದ ಕ್ಯಾಲೊರಿ ಪಾತ್ರೆಯಲ್ಲೇ ಇರುತ್ತದೆ. ಕುದಿಯುವಾಗ ಆವಿಯಾಗಿ ಹೋಗುವುದು ನೀರು ಮಾತ್ರ, ಮತ್ತು ನೀರಿಗೆ ಕ್ಯಾಲೊರಿ ಇಲ್ಲ. ಅದಕ್ಕೇ ಒಟ್ಟು ಕ್ಯಾಲೊರಿಯನ್ನು ಹಸಿ ಸಾಮಾನಿನಿಂದ ಲೆಕ್ಕ ಹಾಕುತ್ತೇವೆ. ಆಮೇಲೆ ಆ ಮೊತ್ತವನ್ನು ಬೆಂದು ತಯಾರಾದ ಕರಿಯ ತೂಕಕ್ಕೆ ಹಂಚುತ್ತೇವೆ. ಎಷ್ಟು ನೀರು ಹಾಕಿದಿರಿ, ಎಷ್ಟು ಇಂಗಿತು ಅಂತ ಬೇರೆ ಲೆಕ್ಕ ಇಡುವ ಅಗತ್ಯವೇ ಇಲ್ಲ. ಕೊನೆಯ ತೂಕದಲ್ಲಿ ಅದೆಲ್ಲ ತಾನಾಗಿಯೇ ಸೇರಿಹೋಗಿರುತ್ತದೆ.

ಕಾಬೂಲಿ ಕಡಲೆ, ಆಲೂಗಡ್ಡೆ, ತೆಂಗಿನ ಹಾಲು ಹಾಕಿದ ಒಂದು ಪಾತ್ರೆ ಕರಿಯನ್ನು ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ನೋಡೋಣ. ನಿಮ್ಮ ಕರಿ ಬೇರೆಯಾದರೂ ದಾರಿ ಇದೇ.

ಒಲೆ ಹಚ್ಚುವ ಮೊದಲು: ಖಾಲಿ ಪಾತ್ರೆ ತೂಗಿ

ಇದು ಅರ್ಧ ನಿಮಿಷದ ಕೆಲಸ. ಆದರೆ ಜಾಸ್ತಿ ಜನ ಮರೆಯುವುದು ಇದನ್ನೇ. ಕರಿ ತುಂಬಿದ ಮೇಲೆ ಪಾತ್ರೆಯ ತೂಕ ಗೊತ್ತಾಗುವುದಿಲ್ಲ, ಅಲ್ವಾ? ಮುಚ್ಚಳ, ಸೌಟು ಇಲ್ಲದೆ ಬರೀ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ತೂಕ ಬರೆದುಕೊಳ್ಳಿ. ನಮ್ಮ ಉದಾಹರಣೆಯ ಪಾತ್ರೆ 1,640 ಗ್ರಾಂ.

ಮನೆಯಲ್ಲಿ ದಿನಾ ಬಳಸುವ ಪಾತ್ರೆಗಳು ನಾಲ್ಕೈದು ಇರಬಹುದು. ಒಂದು ದಿನ ಕೂತು ಎಲ್ಲವನ್ನೂ ತೂಗಿ, ಕಪಾಟಿನ ಬಾಗಿಲ ಒಳಗಡೆ ಒಂದು ಚೀಟಿ ಅಂಟಿಸಿಬಿಡಿ. ನಾನು ಹಾಗೆ ಮಾಡಿದ ಮೇಲೆ ಈ ಹಂತವನ್ನು ಮರೆತದ್ದೇ ಇಲ್ಲ. ಯಾಕೆಂದರೆ ನೆನಪಿಡುವಂಥದ್ದು ಏನೂ ಉಳಿದಿಲ್ಲ.

ಸಾಮಾನು ತೂಗುವುದು

ಸಿಪ್ಪೆ, ತೊಟ್ಟು, ಬೀಜ ಎಲ್ಲ ತೆಗೆದ ಮೇಲೆ ತೂಗಬೇಕು. ಈರುಳ್ಳಿಯನ್ನು ಸುಲಿದ ಮೇಲೆ, ಆಲೂಗಡ್ಡೆಯನ್ನು ಹೆರೆದ ಮೇಲೆ. ತಕ್ಕಡಿ ಮೇಲೆ ಒಂದು ಬೋಗುಣಿ ಇಟ್ಟು `TARE` ಬಟನ್ ಒತ್ತಿ. ಅಂಕಿ ಸೊನ್ನೆಗೆ ಬರುತ್ತದೆ. ಹೆಚ್ಚಿದ್ದನ್ನು ಹಾಕಿ, ಬರೆದುಕೊಳ್ಳಿ. ಮತ್ತೆ `TARE` ಒತ್ತಿ, ಮುಂದಿನದನ್ನು ಅದರ ಮೇಲೇ ಹಾಕಿ. ಹತ್ತು ಬಟ್ಟಲು ಮುಸುರೆ ಮಾಡುವ ಅಗತ್ಯವಿಲ್ಲ.

ತರಕಾರಿಯಲ್ಲಿ ಹತ್ತಿಪ್ಪತ್ತು ಗ್ರಾಂ ಆಚೀಚೆ ಆದರೆ ಏನೂ ಆಗುವುದಿಲ್ಲ. 20 ಗ್ರಾಂ ಟೊಮೇಟೊ ಅಂದರೆ ನಾಲ್ಕು ಕ್ಯಾಲೊರಿ ಕೂಡ ಇಲ್ಲ. ಆದರೆ 20 ಗ್ರಾಂ ಎಣ್ಣೆ ಅಂದರೆ ಸುಮಾರು 177 ಕ್ಯಾಲೊರಿ. ಹಾಗಾಗಿ ನಿಮ್ಮ ಗಮನವೆಲ್ಲ ಎಣ್ಣೆ, ತೆಂಗಿನ ಹಾಲು, ಒಣ ಕಾಳು, ಮಾಂಸ, ಗೋಡಂಬಿ, ಬೆಣ್ಣೆ, ಕೆನೆ ಇಂಥವುಗಳ ಮೇಲಿರಲಿ. ಉಳಿದವನ್ನು ಸ್ವಲ್ಪ ಸಡಿಲವಾಗಿ ಬಿಟ್ಟರೂ ಲೆಕ್ಕ ನಿಲ್ಲುತ್ತದೆ.

ಎಣ್ಣೆಗೆ ಒಂದು ಉಪಾಯವಿದೆ. ಚಮಚದಲ್ಲಿ ಅಳೆಯಲು ಹೋಗಬೇಡಿ. ಅಡುಗೆ ಮಾಡುವಾಗ ಎಣ್ಣೆ ಒಂದೇ ಸಲ ಬೀಳುವುದಿಲ್ಲ. ಈರುಳ್ಳಿ ಹುರಿಯಲು ಒಂದಿಷ್ಟು, ತಳ ಹಿಡಿಯುತ್ತಿದೆ ಅಂತ ಇನ್ನೊಂದಿಷ್ಟು, ಕೊನೆಗೆ ಒಗ್ಗರಣೆಗೆ ಮತ್ತೊಂದಿಷ್ಟು. ಕೈಗೆ ಅದು ಗೊತ್ತಾಗುವುದೇ ಇಲ್ಲ. ಅದಕ್ಕೆ ಶುರು ಮಾಡುವ ಮೊದಲು ಎಣ್ಣೆ ಬಾಟಲಿಯನ್ನೇ ತೂಗಿ. ಅಡುಗೆ ಪೂರ್ತಿ ಮುಗಿದ ಮೇಲೆ ಮತ್ತೆ ತೂಗಿ. ನಮ್ಮ ಬಾಟಲಿ ಮೊದಲು 812 ಗ್ರಾಂ ಇತ್ತು, ಕೊನೆಗೆ 737. ಅಂದರೆ 75 ಗ್ರಾಂ ಎಣ್ಣೆ ಪಾತ್ರೆಗೆ ಹೋಗಿದೆ. ‘ಎರಡು ದೊಡ್ಡ ಚಮಚ ಹಾಕಿದೆ’ ಅಂತ ಅಂದಾಜಿನಲ್ಲಿ ಬರೆದಿದ್ದರೆ 27 ಗ್ರಾಂ ಲೆಕ್ಕಕ್ಕೆ ಬರುತ್ತಿತ್ತು. 48 ಗ್ರಾಂ ಎಣ್ಣೆ, ಅಂದರೆ ಸುಮಾರು 424 ಕ್ಯಾಲೊರಿ ಎಲ್ಲೂ ಕಾಣದೆ ಹೋಗುತ್ತಿತ್ತು.

ಒಂದೊಂದು ಸಾಮಾನಿನ ಕ್ಯಾಲೊರಿ

ಪ್ಯಾಕೆಟ್ಟು, ಡಬ್ಬಿಯ ಸಾಮಾನಿಗೆ ಅದರ ಲೇಬಲ್ಲೇ ಸಾಕು. ಲೇಬಲ್ ನೋಡುವಾಗ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು, ಅಂಕಿ 100 ಗ್ರಾಂಗೋ, 100 ಮಿಲಿಗೋ, ಅಥವಾ ತಯಾರಿಸಿದವರೇ ಹೇಳಿದ ‘ಒಂದು ಸರ್ವಿಂಗ್’ಗೋ ಅಂತ ನೋಡಿ. ಎರಡನೆಯದು, ಕೆಲವು ಲೇಬಲ್‌ಗಳಲ್ಲಿ `kJ` ಮತ್ತು `kcal` ಎರಡೂ ಇರುತ್ತವೆ. ನಾವು ಕ್ಯಾಲೊರಿ ಅನ್ನುವುದು `kcal` ಅನ್ನು. `kJ` ಅಂಕಿ ಅದರ ನಾಲ್ಕು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅದನ್ನು ತಪ್ಪಿ ಬರೆದುಕೊಂಡರೆ ಲೆಕ್ಕವೆಲ್ಲ ಹಾಳು.

ತರಕಾರಿ, ಕಾಳು, ಮಾಂಸಕ್ಕೆ ಅಮೆರಿಕದ ಕೃಷಿ ಇಲಾಖೆಯ ಉಚಿತ ಪಟ್ಟಿ `fdc.nal.usda.gov` ವಿಳಾಸದಲ್ಲಿ ಸಿಗುತ್ತದೆ. ಅಲ್ಲಿ ಹುಡುಕುವಾಗ ಹಸಿಯದ್ದಕ್ಕೆ `raw`, ಬೆಂದದ್ದಕ್ಕೆ `cooked` ಅಂತ ಬರೆದಿರುತ್ತದೆ. ನೀವು ತೂಗಿದ್ದು ಯಾವ ಸ್ಥಿತಿಯಲ್ಲೋ ಅದೇ ಸ್ಥಿತಿಯ ಅಂಕಿ ತೆಗೆದುಕೊಳ್ಳಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಮೊದಮೊದಲು ಎಡವಿದ್ದು ಇಲ್ಲೇ. ಒಣ ಕಾಬೂಲಿ ಕಡಲೆಗೆ 100 ಗ್ರಾಂಗೆ ಸುಮಾರು 378 ಕ್ಯಾಲೊರಿ. ಅದೇ ಕಡಲೆ ನೆನೆದು ಬೆಂದ ಮೇಲೆ 100 ಗ್ರಾಂಗೆ ಸುಮಾರು 164. ಕಡಲೆ ಏನೂ ಕಳೆದುಕೊಂಡಿಲ್ಲ, ನೀರು ಕುಡಿದು ತೂಕ ಹೆಚ್ಚಿಸಿಕೊಂಡಿದೆ ಅಷ್ಟೇ. ನಾನು ಬೇಯಿಸಿದ ಕಡಲೆಯನ್ನು ತೂಗಿ, 1,150 ಗ್ರಾಂ ಬಂದದ್ದನ್ನು ಒಣ ಕಡಲೆಯ ಅಂಕಿಯಿಂದ ಗುಣಿಸಿದ್ದೆ. 4,347 ಕ್ಯಾಲೊರಿ ಬಂತು. ನಿಜವಾಗಿ ಇದ್ದದ್ದು 1,890. ಆ ಒಂದು ತಪ್ಪಿನಿಂದ ಒಂದೊಂದು ಬಟ್ಟಲಿಗೂ 190ರಷ್ಟು ಇಲ್ಲದ ಕ್ಯಾಲೊರಿ ಸೇರಿತ್ತು. ಆ ವಾರವೆಲ್ಲ ನಾನು ಹಸಿದುಕೊಂಡೇ ಇದ್ದೆ, ಯಾಕೆ ಅಂತ ತಿಳಿದಿರಲಿಲ್ಲ.

ಅನುಮಾನ ಬಂದರೆ ಎರಡೂ ಕಡೆಯಿಂದ ಲೆಕ್ಕ ಹಾಕಿ ನೋಡಿ. ಒಣ ಕಡಲೆ 500 ಗ್ರಾಂ ಅನ್ನು 3.78ರಿಂದ ಗುಣಿಸಿದರೆ 1,890. ಬೆಂದದ್ದು 1,150 ಗ್ರಾಂ ಅನ್ನು 1.64ರಿಂದ ಗುಣಿಸಿದರೆ 1,886. ಎರಡೂ ಹತ್ತಿರ ಬಂದರೆ ನೀವು ಸರಿಯಾದ ಸಾಲನ್ನೇ ನೋಡಿದ್ದೀರಿ. ಮಾಂಸದಲ್ಲಿ ಇದು ತಿರುಗಾಮುರುಗ. ಮಾಂಸ ಬೇಯುವಾಗ ನೀರು ಬಿಟ್ಟು ಕುಗ್ಗುತ್ತದೆ, ಹಾಗಾಗಿ ಬೆಂದದ್ದರ 100 ಗ್ರಾಂ ಅಂಕಿ ಹಸಿಯದ್ದಕ್ಕಿಂತ ಹೆಚ್ಚಿರುತ್ತದೆ.

ನಮ್ಮ ಪಾತ್ರೆಯ ಚೀಟಿ ಹೀಗಿದೆ:

- ಒಣ ಕಾಬೂಲಿ ಕಡಲೆ 500 ಗ್ರಾಂ: 1,890
- ಹೆರೆದ ಆಲೂಗಡ್ಡೆ 400 ಗ್ರಾಂ: 308
- ಸುಲಿದ ಈರುಳ್ಳಿ 350 ಗ್ರಾಂ: 140
- ಟೊಮೇಟೊ 400 ಗ್ರಾಂ: 72
- ಎಣ್ಣೆ 75 ಗ್ರಾಂ: 663
- ಡಬ್ಬಿಯ ತೆಂಗಿನ ಹಾಲು 400 ಮಿಲಿ, ಲೇಬಲ್ ಪ್ರಕಾರ 100 ಮಿಲಿಗೆ 180: 720
- ಶುಂಠಿ, ಬೆಳ್ಳುಳ್ಳಿ ಸೇರಿ 40 ಗ್ರಾಂ: 45
- ಮಸಾಲೆ ಪುಡಿಗಳು 25 ಗ್ರಾಂ: 75
- ಉಪ್ಪು, ನೀರು: 0

ಒಟ್ಟು 3,913 ಕ್ಯಾಲೊರಿ. ಒಮ್ಮೆ ಈ ಚೀಟಿಯನ್ನು ನಿಧಾನವಾಗಿ ನೋಡಿ. ಕಡಲೆ, ತೆಂಗಿನ ಹಾಲು, ಎಣ್ಣೆ ಈ ಮೂರೇ ಸೇರಿ 3,273. ಈರುಳ್ಳಿ, ಟೊಮೇಟೊ, ಶುಂಠಿ, ಮಸಾಲೆ ಎಲ್ಲ ಕೂಡಿಸಿದರೂ ಎಣ್ಣೆಯ ಅರ್ಧದಷ್ಟು. ಗಮನ ಎಲ್ಲಿಡಬೇಕು ಅಂತ ಮೇಲೆ ಹೇಳಿದ್ದು ಇದಕ್ಕೇ.

ಕರಿ ತಯಾರಾದ ಮೇಲೆ ತೂಗುವುದು

ಉಪ್ಪು, ಹುಳಿ ನೋಡಿ, ನೀರು ಸಾಕೋ ಬೇಕೋ ಅಂತ ತೀರ್ಮಾನಿಸಿ, ಒಲೆ ಆರಿಸಿದ ಮೇಲೆ ತೂಗಬೇಕು. ಮೊದಲೇ ತೂಗಿ ಆಮೇಲೆ ಒಂದು ಲೋಟ ನೀರು ಸುರಿದರೆ ತೂಕ ಬದಲಾಗಿಬಿಡುತ್ತದೆ.

ಬಿಸಿ ಪಾತ್ರೆಯನ್ನು ನೇರವಾಗಿ ತಕ್ಕಡಿಯ ಮೇಲೆ ಇಡಬೇಡಿ. ಪ್ಲಾಸ್ಟಿಕ್ಕು ಮೆತ್ತಗಾಗಬಹುದು, ಬಿಸಿ ತಾಗಿದರೆ ಅಂಕಿಯೂ ನಿಲ್ಲದೆ ಓಡಾಡುತ್ತದೆ. ಒಂದು ಮರದ ಹಲಗೆ ಇಟ್ಟು, `TARE` ಒತ್ತಿ, ಅದರ ಮೇಲೆ ಪಾತ್ರೆ ಇಡಿ. ಪಾತ್ರೆ ಅಗಲವಾಗಿದ್ದು ಅಂಕಿ ಮುಚ್ಚಿಹೋದರೆ, ಹಲಗೆಯ ಕೆಳಗೆ ಒಂದು ಗಟ್ಟಿ ಬೋಗುಣಿಯನ್ನು ಬೋರಲು ಹಾಕಿ ಎತ್ತರ ಮಾಡಿಕೊಳ್ಳಿ. ಅಲುಗಾಡದೆ ಕೂತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ, ಬಿಸಿ ಕರಿ ಅದು.

ನಮ್ಮ ಪಾತ್ರೆ ಕರಿ ಸಮೇತ 4,900 ಗ್ರಾಂ ಬಂತು. ಅದರಲ್ಲಿ 1,640 ಕಳೆದರೆ 3,260 ಗ್ರಾಂ ಕರಿ. ಅಡುಗೆಮನೆಯ ತಕ್ಕಡಿಗಳಲ್ಲಿ ಎಷ್ಟೋ 5 ಕಿಲೋವರೆಗೆ ಮಾತ್ರ ತೂಗುತ್ತವೆ, ಇಟ್ಟ ಹಲಗೆಯ ತೂಕವೂ ಆ ಮಿತಿಯೊಳಗೇ ಬರುತ್ತದೆ. ಮಿತಿ ಮೀರಿದರೆ ತಕ್ಕಡಿ ತೂಕದ ಬದಲು ತಪ್ಪಿನ ಗುರುತು ತೋರಿಸುತ್ತದೆ. ಆಗ ಗಾಬರಿ ಬೇಡ. ಇನ್ನೊಂದು ಖಾಲಿ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅರ್ಧ ಕರಿಯನ್ನು ಅದಕ್ಕೆ ಬಗ್ಗಿಸಿ ತೂಗಿ. ಉಳಿದರ್ಧವನ್ನು ಹಳೆಯ ಪಾತ್ರೆಯಲ್ಲೇ ತೂಗಿ, ಪಾತ್ರೆಯ ತೂಕ ಕಳೆಯಿರಿ. ಎರಡನ್ನೂ ಕೂಡಿಸಿದರೆ ಆಯಿತು. ಖಾಲಿ ಪಾತ್ರೆ ತೂಗಲು ಮರೆತವರಿಗೂ ದಾರಿ ಇದೇ. ಪೂರ್ತಿ ಕರಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿ ತೂಗಬೇಕು.

ತೂಗುವ ಮೊದಲೇ ಯಾರೋ ಒಂದು ಬಟ್ಟಲು ಹಾಕಿಕೊಂಡು ಹೋದರೆ, ಆ ಬಟ್ಟಲಿನ ಅಂದಾಜು ತೂಕವನ್ನು ಕೊನೆಯ ತೂಕಕ್ಕೆ ಸೇರಿಸಿ. ರುಚಿ ನೋಡಿದ ಎರಡು ಚಮಚವನ್ನು ಬಿಟ್ಟುಬಿಡಿ.

ಈಗ ಭಾಗಾಕಾರ:

```
3913 ÷ 3260 = 1.20   (1 ಗ್ರಾಂ ಕರಿಗೆ)
250 × 1.20 = 300     (250 ಗ್ರಾಂ ಬಟ್ಟಲಿಗೆ)
```

ಈ 1.20 ಅನ್ನುವ ಅಂಕಿಯೇ ನಮಗೆ ಬೇಕಾದದ್ದು. ಬಟ್ಟಲು ದೊಡ್ಡದಿರಲಿ ಚಿಕ್ಕದಿರಲಿ, ಅದರಲ್ಲಿರುವ ಗ್ರಾಂ ಅನ್ನು ಇದರಿಂದ ಗುಣಿಸಿದರೆ ಉತ್ತರ ಬರುತ್ತದೆ. ಪಾತ್ರೆಯಲ್ಲಿ 250 ಗ್ರಾಂನ ಹದಿಮೂರು ಬಟ್ಟಲು ಇದೆ.

ಆ್ಯಪ್‌ನಲ್ಲಿ ನಿಮ್ಮದೇ ಅಡುಗೆಯನ್ನು ಸೇರಿಸುವವರಿಗೆ ಒಂದು ಮಾತು. ‘ಎಷ್ಟು ಸರ್ವಿಂಗ್’ ಅಂತ ಕೇಳಿದಾಗ 13 ಅಂತ ಹಾಕಬೇಡಿ, 3260 ಅಂತ ಹಾಕಿ. ಆಗ ಒಂದು ಸರ್ವಿಂಗ್ ಅಂದರೆ ಒಂದು ಗ್ರಾಂ ಆಗುತ್ತದೆ. ಊಟಕ್ಕೆ ಕೂತಾಗ ಬಟ್ಟಲಿನಲ್ಲಿ 215 ಗ್ರಾಂ ಇದ್ದರೆ ಸುಮ್ನೆ 215 ಸರ್ವಿಂಗ್ ಅಂತ ಬರೆದರೆ ಸಾಕು. ಅಷ್ಟು ದೊಡ್ಡ ಅಂಕಿಯನ್ನು ಆ್ಯಪ್ ತೆಗೆದುಕೊಳ್ಳದಿದ್ದರೆ 32.6 ಹಾಕಿ, ಒಂದು ಸರ್ವಿಂಗ್ 100 ಗ್ರಾಂ ಅಂತ ಇಟ್ಟುಕೊಳ್ಳಿ.

ಬಡಿಸುವಾಗ ಎಲ್ಲ ಬಟ್ಟಲೂ ಒಂದೇ ಆಗುತ್ತದಾ?

ಲೆಕ್ಕ ಸರಿ ಇದ್ದರೂ ಅದು ಕೈತಪ್ಪುವುದು ಸೌಟು ಹಿಡಿದಾಗ. 1.20 ಅನ್ನುವುದು ಇಡೀ ಪಾತ್ರೆಯ ಸರಾಸರಿ. ಕರಿಯಲ್ಲಿ ಕಾಳು, ಹೋಳು ತಳಕ್ಕೆ ಇಳಿಯುತ್ತವೆ, ರಸ ಮೇಲೆ ನಿಲ್ಲುತ್ತದೆ, ಎಣ್ಣೆ ಅದಕ್ಕಿಂತ ಮೇಲೆ ತೇಲುತ್ತದೆ. ಒಬ್ಬರಿಗೆ ಬರೀ ರಸ, ಇನ್ನೊಬ್ಬರಿಗೆ ಬರೀ ಹೋಳು ಬಿದ್ದರೆ ಇಬ್ಬರಿಗೂ 300 ಅನ್ನುವುದು ಸರಿಯಾ?

ಲೆಕ್ಕ ಹಾಕಿ ನೋಡೋಣ. ಬೆಂದ ಕಡಲೆ ಮತ್ತು ಆಲೂಗಡ್ಡೆ ಸೇರಿ ಸುಮಾರು 1,550 ಗ್ರಾಂ, ಅದರಲ್ಲಿ 2,198 ಕ್ಯಾಲೊರಿ. ಒಂದು ಗ್ರಾಂಗೆ 1.42. ಉಳಿದ 1,710 ಗ್ರಾಂ ರಸದಲ್ಲಿ 1,715 ಕ್ಯಾಲೊರಿ, ಒಂದು ಗ್ರಾಂಗೆ 1. ರಸ ಜಾಸ್ತಿ ಇರುವ ಒಂದು ಬಟ್ಟಲು ತೆಗೆದುಕೊಳ್ಳಿ, 70 ಗ್ರಾಂ ಹೋಳು, 180 ಗ್ರಾಂ ರಸ. ಅದರಲ್ಲಿ ಸುಮಾರು 280 ಕ್ಯಾಲೊರಿ. ಹೋಳು ಜಾಸ್ತಿ ಇರುವ ಬಟ್ಟಲಿನಲ್ಲಿ 150 ಗ್ರಾಂ ಹೋಳು, 100 ಗ್ರಾಂ ರಸ ಇದ್ದರೆ ಸುಮಾರು 313. ವ್ಯತ್ಯಾಸ ಮೂವತ್ತು ಚಿಲ್ಲರೆ. ನೋಡಲು ಎರಡು ಬಟ್ಟಲೂ ತೀರಾ ಬೇರೆ, ಆದರೆ ಕ್ಯಾಲೊರಿ ಅಷ್ಟೇನೂ ಬೇರೆಯಲ್ಲ. ತೆಂಗಿನ ಹಾಲು, ಎಣ್ಣೆ ಎರಡೂ ರಸದಲ್ಲೇ ಇರುವುದರಿಂದ ರಸ ಹಗುರ ಅಲ್ಲ. ‘ನಾನು ಬರೀ ರಸ ಹಾಕಿಕೊಂಡೆ’ ಅಂದುಕೊಂಡು ಇನ್ನೊಂದು ಸೌಟು ಬಗ್ಗಿಸಿಕೊಳ್ಳುವವರು ಇದನ್ನು ಗಮನಿಸಬೇಕು.

ತೆಂಗಿನ ಹಾಲಿನ ಬದಲು ಅಷ್ಟೇ ನೀರು ಹಾಕಿದ್ದರೆ ಕಥೆ ಬೇರೆ. ಆಗ ರಸದ ಒಂದು ಗ್ರಾಂಗೆ 0.58 ಮಾತ್ರ. ಅವೇ ಎರಡು ಬಟ್ಟಲುಗಳಲ್ಲಿ ಸುಮಾರು 204 ಮತ್ತು 271 ಆಗುತ್ತದೆ. ತೆಳು ರಸದ ಕರಿಯಲ್ಲಿ ಹೋಳನ್ನು ಸಮವಾಗಿ ಹಂಚುವುದು ಜಾಸ್ತಿ ಮುಖ್ಯ ಅಂತ ಇದರಿಂದ ಗೊತ್ತಾಗುತ್ತದೆ. ಹೋಳು ಒಂದಿಷ್ಟು ಎಣ್ಣೆ ಹೀರಿಕೊಳ್ಳುತ್ತದೆ, ಆಲೂಗಡ್ಡೆ ಒಂದಿಷ್ಟು ಕರಗಿ ರಸಕ್ಕೆ ಸೇರುತ್ತದೆ, ಹಾಗಾಗಿ ಇವು ಅಂದಾಜು ಅಂಕಿಗಳೇ. ಆದರೂ ಯಾವ ಕಡೆ ವಾಲುತ್ತದೆ ಅನ್ನುವುದು ತಿಳಿಯುತ್ತದೆ.

ನಿಜವಾದ ತೊಂದರೆ ಇರುವುದು ಮೇಲೆ ತೇಲುವ ಎಣ್ಣೆಯಲ್ಲಿ. ಒಲೆ ಆರಿಸಿ ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ. ಅಂಚಿನ ಸುತ್ತ ಕೆಂಪಗೆ ಎಣ್ಣೆ ಕೂಡಿಕೊಂಡಿರುತ್ತದೆ. ಸೌಟನ್ನು ಮೇಲ್ಮೈಯಲ್ಲಿ ಮೆಲ್ಲಗೆ ವಾಲಿಸಿದರೆ ರಸಕ್ಕಿಂತ ಮೊದಲು ಆ ಎಣ್ಣೆಯೇ ಜಾರಿ ಒಳಗೆ ಬರುವುದು ಕಾಣುತ್ತದೆ. ಮೊದಲು ಬಡಿಸಿಕೊಂಡವರ ಬಟ್ಟಲಿಗೆ ಹೀಗೆ ಒಂದು ದೊಡ್ಡ ಚಮಚ ಎಣ್ಣೆ ಹೆಚ್ಚಿಗೆ ಬಿದ್ದರೆ 120 ಕ್ಯಾಲೊರಿಯ ವ್ಯತ್ಯಾಸ. ಹೋಳು–ರಸದ ವ್ಯತ್ಯಾಸಕ್ಕಿಂತ ಅದು ಎಷ್ಟೋ ಜಾಸ್ತಿ.

ಪರಿಹಾರ ಸುಲಭ. ಪ್ರತಿ ಬಟ್ಟಲಿಗೂ ಮೊದಲು ಸೌಟನ್ನು ತಳಕ್ಕೆ ಮುಟ್ಟಿಸಿ, ಕೆಳಗಿನಿಂದ ಮೇಲಕ್ಕೆ ಎರಡು ಮೂರು ಸಲ ತಿರುವಿ, ತಿರುಗುತ್ತಿರುವಾಗಲೇ ನಡುವಿನಿಂದ ಎತ್ತಿಕೊಳ್ಳಿ. ಒಂದು ಸಲ ಕಲಸಿ ಹದಿಮೂರು ಬಟ್ಟಲು ಬಡಿಸಿದರೆ ಪ್ರಯೋಜನವಿಲ್ಲ. ಎರಡು ನಿಮಿಷದಲ್ಲಿ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ತೇಲುವ ಎಣ್ಣೆಯನ್ನು ತೆಗೆದು ಹಾಕುವ ಅಭ್ಯಾಸ ಇದ್ದರೆ, ಅದನ್ನು ಕರಿ ತೂಗುವ ಮೊದಲೇ ತೆಗೆದು, ಒಂದು ಬಟ್ಟಲಿನಲ್ಲಿ ಬೇರೆ ತೂಗಿ. ಅದರ ಜೊತೆ ಸ್ವಲ್ಪ ರಸವೂ ಬಂದಿರುತ್ತದೆ. ಬಟ್ಟಲನ್ನು ಫ್ರಿಡ್ಜ್‌ನಲ್ಲಿಟ್ಟರೆ ರಸ ಕೆಳಗೆ ಇಳಿದು ಎಣ್ಣೆ ಮೇಲೆ ಬೇರೆಯಾಗುತ್ತದೆ. ಆಗ ಮೇಲಿನದನ್ನು ಮಾತ್ರ ಒಂದು ಚಮಚದಿಂದ ತೆಗೆದು ತೂಗಿ, ಗ್ರಾಂಗೆ 9ರಂತೆ ಒಟ್ಟು ಮೊತ್ತದಿಂದ ಕಳೆಯಬಹುದು.

ಬಟ್ಟಲು ತುಂಬಿಸುವ ಎರಡು ಬಗೆ

ಒಂದು, ಖಾಲಿ ಬಟ್ಟಲನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, 250 ಬರುವವರೆಗೆ ಬಡಿಸುವುದು. ಡಬ್ಬಿಗಳಿಗೆ ತುಂಬಿಸಿ ಇಡುವವರಿಗೆ ಇದು ಸರಿ.

ಎರಡನೆಯದು ನನಗೆ ಜಾಸ್ತಿ ಇಷ್ಟ. ಪಾತ್ರೆಯನ್ನೇ ಹಲಗೆಯ ಮೇಲೆ, ತಕ್ಕಡಿಯ ಮೇಲೆ ಬಿಟ್ಟು `TARE` ಒತ್ತಿ. ಈಗ ಒಂದು ಸೌಟು ತೆಗೆದರೆ ಅಂಕಿ `-96` ಅಂತ ಬರುತ್ತದೆ. ಇನ್ನೊಂದು ತೆಗೆದರೆ `-195`. ಪಾತ್ರೆಯಿಂದ ಎಷ್ಟು ಹೊರಗೆ ಹೋಯಿತೋ ಅಷ್ಟು ಅಂತ ಅರ್ಥ. ಬಡಿಸಿಕೊಳ್ಳುವವರು ತಮಗೆ ಬೇಕಾದಷ್ಟು ಹಾಕಿಕೊಂಡು, ಅಂಕಿ ನೋಡಿ, ಮುಂದಿನವರಿಗೆ ಮತ್ತೆ ಸೊನ್ನೆ ಮಾಡಿ ಬಿಟ್ಟರಾಯಿತು. ಹಸಿವು ಎಲ್ಲರಿಗೂ ಒಂದೇ ಇರುವುದಿಲ್ಲ. ಯಾರ ಬಟ್ಟಲೂ ಮೊದಲೇ ಅಳೆದು ಇಡಬೇಕಾಗಿಲ್ಲ. ಸೌಟನ್ನು ಮಾತ್ರ ಅಂಕಿ ನೋಡುವಾಗ ಪಾತ್ರೆಯೊಳಗೆ ಬಿಡಬೇಡಿ, ಅದರ ತೂಕವೂ ಸೇರಿಬಿಡುತ್ತದೆ.

ಪ್ರತಿ ಊಟಕ್ಕೂ ತಕ್ಕಡಿ ಬೇಡ ಅನ್ನುವವರು ಸೌಟನ್ನೇ ಅಳತೆ ಮಾಡಿಕೊಳ್ಳಬಹುದು. ಹೀಗೆ ಒಂದು ಸಲ ಹತ್ತು ಸೌಟು ತೆಗೆದು ಒಟ್ಟು ತೂಕ ನೋಡಿ. ನಮ್ಮ ಸೌಟಿಗೆ ಹತ್ತಕ್ಕೆ 980 ಗ್ರಾಂ ಬಂತು. ಅಂದರೆ ಒಂದು ಸೌಟು 98 ಗ್ರಾಂ, ಸುಮಾರು 118 ಕ್ಯಾಲೊರಿ. ಒಂದೇ ಸೌಟು ತೂಗಿ ನಂಬಬೇಡಿ, ಒಂದರಲ್ಲಿ ಅಂಚಿನವರೆಗೆ ತುಂಬಿರುತ್ತದೆ, ಇನ್ನೊಂದರಲ್ಲಿ ಕಡಿಮೆ ಇರುತ್ತದೆ. ಹತ್ತರ ಸರಾಸರಿಯಲ್ಲಿ ಆ ಏರುಪೇರು ಬಹಳ ಮಟ್ಟಿಗೆ ಸರಿಹೋಗುತ್ತದೆ. ಮುಂದೆ ಅದೇ ಸೌಟು, ಅದೇ ಬಗೆಯ ಕರಿ ಇದ್ದಾಗ ಎಣಿಸಿದರೆ ಸಾಕು.

ಪಾತ್ರೆಯ ತಳಕ್ಕೆ ಅಂಟಿ ಉಳಿದದ್ದರ ಬಗ್ಗೆ ಚಿಂತೆ ಬೇಡ. 60 ಗ್ರಾಂ ಅಂಟಿದ್ದರೂ ಅದು 72 ಕ್ಯಾಲೊರಿ. ನಿಮ್ಮ ಬಟ್ಟಲಿನ ಲೆಕ್ಕ ಗ್ರಾಂ ಮೇಲೆ ನಿಂತಿರುವುದರಿಂದ ಅದು ಬದಲಾಗುವುದೂ ಇಲ್ಲ.

ಮೂಳೆ ಇರುವ ಕರಿ

ಮೂಳೆಗೆ ತೂಕವಿದೆ, ಆದರೆ ಅದನ್ನು ನಾವು ತಿನ್ನುವುದಿಲ್ಲ. ಹಾಗಾಗಿ ಮೇಲಿನ ದಾರಿಯನ್ನು ಹಾಗೇ ಹಿಡಿದರೆ ಕಾಲಿನ ತುಂಡು ಬಿದ್ದವರಿಗೆ ಒಂದು ಲೆಕ್ಕ, ಮೆತ್ತನೆಯ ತುಂಡು ಬಿದ್ದವರಿಗೆ ಇನ್ನೊಂದು ಲೆಕ್ಕ ಆಗಿಬಿಡುತ್ತದೆ. ಇಲ್ಲಿ ತುಂಡು ಮತ್ತು ರಸವನ್ನು ಬೇರೆ ಬೇರೆ ಮಾಡುವುದೇ ಒಳ್ಳೆಯದು. ತುಂಡುಗಳನ್ನು ಇಕ್ಕಳದಲ್ಲಿ ತೆಗೆದು, ರಸವನ್ನು ಮಾತ್ರ ತೂಗಿ. ಮಾಂಸ ಬಿಟ್ಟು ಉಳಿದ ಸಾಮಾನಿನ ಒಟ್ಟು ಕ್ಯಾಲೊರಿಯನ್ನು ರಸದ ತೂಕಕ್ಕೆ ಹಂಚಿ. ಊಟದಲ್ಲಿ ನಿಮ್ಮ ತುಂಡುಗಳನ್ನು ತಿನ್ನುವ ಮೊದಲು ತೂಗಿ, ಆದ ಮೇಲೆ ಉಳಿದ ಮೂಳೆಯನ್ನು ತೂಗಿ ಕಳೆಯಿರಿ. ಬಂದದ್ದು ನೀವು ತಿಂದ ಮಾಂಸ. ಅದು ಬೆಂದ ಮಾಂಸವಾದ್ದರಿಂದ `cooked` ಸಾಲಿನ ಅಂಕಿಯಿಂದ ಗುಣಿಸಬೇಕು. ಮಾಂಸದ ಕೊಬ್ಬು ಒಂದಿಷ್ಟು ರಸಕ್ಕೆ ಇಳಿದಿರುತ್ತದೆ, ಚರ್ಮ ಸಮೇತ ಹಾಕಿದ್ದರೆ ಇನ್ನೂ ಜಾಸ್ತಿ. ಅಂಥ ರಸದ ಅಂಕಿಯನ್ನು ಸ್ವಲ್ಪ ಕಡಿಮೆ ಬಂದಿದೆ ಅಂತಲೇ ತಿಳಿಯಿರಿ.

ಎಷ್ಟರ ಮಟ್ಟಿಗೆ ನಂಬಬಹುದು?

ಪಟ್ಟಿಯ ಅಂಕಿಗಳೆಲ್ಲ ಸರಾಸರಿಗಳು. ನಿಮ್ಮ ಕೈಯಲ್ಲಿರುವ ಆಲೂಗಡ್ಡೆ ಆ ಸರಾಸರಿಯ ಆಲೂಗಡ್ಡೆ ಅಲ್ಲ. ಹಾಗಾಗಿ 300 ಅಂತ ಬಂದದ್ದನ್ನು ನಾನು 270ರಿಂದ 330ರ ನಡುವೆ ಎಲ್ಲೋ ಇದೆ ಅಂತ ಓದುತ್ತೇನೆ. ದಶಮಾಂಶ ಬರೆದಿಡುವುದರಲ್ಲಿ ಅರ್ಥವಿಲ್ಲ.

ದೊಡ್ಡ ತಪ್ಪು ಆಗಿದ್ದರೆ ಮಾತ್ರ ಅಂಕಿಯೇ ಹೇಳಿಬಿಡುತ್ತದೆ. ಶುದ್ಧ ಎಣ್ಣೆಯೇ ಗ್ರಾಂಗೆ 9. ರಸ ಇರುವ ಯಾವುದೇ ಕರಿ ಗ್ರಾಂಗೆ 3 ದಾಟಿದರೆ ಎಲ್ಲೋ ಒಣ ಸಾಮಾನಿನ ಅಂಕಿ ಬೆಂದದ್ದಕ್ಕೆ ಹತ್ತಿದೆ, ಅಥವಾ `kJ` ಬಂದು ಕೂತಿದೆ, ಇಲ್ಲವೇ ಖಾಲಿ ಪಾತ್ರೆಯ ತೂಕವನ್ನು ಎರಡು ಸಲ ಕಳೆದಿದ್ದೀರಿ. ಎಣ್ಣೆ, ಕಾಳು ಎರಡೂ ಇದ್ದು 0.4ಕ್ಕಿಂತ ಕಡಿಮೆ ಬಂದರೆ ಪಾತ್ರೆಯ ತೂಕ ಕಳೆಯಲು ಮರೆತಿರಬಹುದು, ಅಥವಾ ಒಂದು ಸಾಮಾನು ಚೀಟಿಯಿಂದ ತಪ್ಪಿಹೋಗಿದೆ.

ಉಳಿದ ಕರಿ, ಮಾರನೇ ದಿನ

ದೊಡ್ಡ ಪಾತ್ರೆಯ ಕರಿ ತಣಿಯಲು ಬಹಳ ಹೊತ್ತು ಬೇಕು. ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಅಷ್ಟರಲ್ಲಿ ಕೆಡಲು ಶುರುವಾಗಬಹುದು. ಅದಕ್ಕೆ ಉಳಿದದ್ದನ್ನು ಆಳ ಕಡಿಮೆ ಇರುವ ಡಬ್ಬಿಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಡ್ಜ್‌ಗೆ ಸೇರಿಸಿ. ಹೇಗೂ ಹಂಚುತ್ತಿದ್ದೀರಿ, ಆಗಲೇ ತೂಗಿ ತುಂಬಿಸಿದರೆ ಮುಂದಿನ ಲೆಕ್ಕವೂ ಮುಗಿಯಿತು.

ಮಾರನೇ ದಿನ ಕರಿ ಗಟ್ಟಿಯಾಗಿರುತ್ತದೆ. ಬಿಸಿ ಮಾಡುವಾಗ ನೀರು ಹಾಕುತ್ತೇವೆ, ಇಲ್ಲವೇ ಇನ್ನಷ್ಟು ಕುದಿಸುತ್ತೇವೆ. ಆಗ 1.20 ಅನ್ನುವ ಹಳೆಯ ಅಂಕಿ ಕೆಲಸಕ್ಕೆ ಬರುವುದಿಲ್ಲ. 1,000 ಗ್ರಾಂ ಕರಿ ಉಳಿದಿತ್ತು, ಅದರಲ್ಲಿ 1,200 ಕ್ಯಾಲೊರಿ ಇತ್ತು ಅಂದುಕೊಳ್ಳಿ. 150 ಮಿಲಿ ನೀರು ಹಾಕಿದರೆ ತೂಕ 1,150 ಗ್ರಾಂ ಆಯಿತು, ಕ್ಯಾಲೊರಿ ಅದೇ 1,200. ಈಗ 250 ಗ್ರಾಂ ಬಟ್ಟಲಿನಲ್ಲಿ ಇರುವುದು 261. ಅದೇ ಕರಿಯನ್ನು ಕುದಿಸಿ 850 ಗ್ರಾಂಗೆ ಇಳಿಸಿದ್ದರೆ ಅದೇ ಬಟ್ಟಲಿನಲ್ಲಿ 353.

ಇದನ್ನು ತಪ್ಪಿಸಲು ಎರಡು ದಾರಿ. ಪೂರ್ತಿ ಬಿಸಿ ಮಾಡಿದರೆ, ಬಿಸಿಯಾದ ಮೇಲೆ ಮತ್ತೆ ತೂಗಿ, ಉಳಿದಿದ್ದ ಕ್ಯಾಲೊರಿಯನ್ನು ಹೊಸ ತೂಕಕ್ಕೆ ಹಂಚಿ. ಒಬ್ಬರಿಗೆ ಮಾತ್ರ ಬೇಕಿದ್ದರೆ, ತಣ್ಣಗಿರುವಾಗಲೇ 250 ಗ್ರಾಂ ತೂಗಿ ತೆಗೆದು, ಆಮೇಲೆ ಬಿಸಿ ಮಾಡಿ. ಅದಕ್ಕೆ ನೀರು ಹಾಕಿ, ಇಂಗಿಸಿ, ಏನೇ ಮಾಡಿ, ಆ ಬಟ್ಟಲಿನಲ್ಲಿರುವುದು 300. ತಣ್ಣಗಿನ ಕರಿಯನ್ನು ತೆಗೆಯುವಾಗಲೂ ಮೇಲೆ ಹೆಪ್ಪುಗಟ್ಟಿದ ತೆಂಗಿನ ಕೊಬ್ಬನ್ನು ಒಡೆದು, ತಳದಿಂದ ಕಲಸಿಯೇ ತೆಗೆಯಬೇಕು. ಡಬ್ಬಿಯ ಮುಚ್ಚಳದ ಮೇಲೆ ಒಂದು ತುಂಡು ಟೇಪು ಅಂಟಿಸಿ, ಪೆನ್ನಿನಲ್ಲಿ ‘1,000 ಗ್ರಾಂ, 1,200 ಕ್ಯಾಲೊರಿ’ ಅಂತ ಬರೆದು, ಕೆಳಗೆ ಮಾಡಿದ ದಿನವನ್ನೂ ಹಾಕಿಡಿ.